‘ಊಟಕ್ಕೆ ನೀವು’ ಎಂದು ನಿಂತ ಆಹ್ವಾನ

*ಇಂದಿನ ಧಮ್ಮ ಚಿಂತನೆ*

 

ಕೆಲವು ತಿಂಗಳ ಹಿಂದೆ ಒಂದು ಗುರುವಾರ ರಾತ್ರಿ 10.15ಕ್ಕೆ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಕಳಿಸಿದವರು ನನ್ನ ಜೊತೆ ಕೆಲಸ ಮಾಡುವ ಮೇಷ್ಟ್ರು. ನಾಲ್ಕು ವರ್ಷದಿಂದ ಒಂದೇ ಸ್ಟಾಫ್ ರೂಮಿನಲ್ಲಿ ಕೂರುತ್ತೇವೆ. ಅವರು ಬೇರೆ ಜಾತಿಯವರು. ಅವರ ಮನೆಗೆ ನಾನು ಹೋದವನಲ್ಲ, ನಮ್ಮ ಮನೆಗೆ ಅವರು ಬಂದವರಲ್ಲ. ಮೆಸೇಜ್ ಹೀಗಿತ್ತು:

"ಸರ್ ನಮಸ್ತೆ. ಭಾನುವಾರ ನಮ್ಮ ಹೊಸ ಮನೆ ಗೃಹಪ್ರವೇಶ. ಮನೆಯವರನ್ನೆಲ್ಲ ಕರ್ಕೊಂಡು ತಪ್ಪದೆ ಬರಬೇಕು. ಊಟಕ್ಕೆ ನೀವು"

ಅಷ್ಟೇ. ಹೊತ್ತು ಇಲ್ಲ, ಜಾಗ ಇಲ್ಲ, ವಾಕ್ಯಕ್ಕೆ ಕೊನೆಯೂ ಇಲ್ಲ.

ನನ್ನ ಮನಸ್ಸು ಆ ವಾಕ್ಯವನ್ನು ಮುಗಿಸಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ‘ಊಟಕ್ಕೆ ನೀವು ಆಮೇಲೆ ಬನ್ನಿ.’ ಇದು ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಗೊತ್ತು. 22 ವರ್ಷದ ಹಿಂದೆ, ಮೊದಲ ಪೋಸ್ಟಿಂಗ್ ಆದ ಊರಿನಲ್ಲಿ, ಒಬ್ಬರು ಇಂಥದ್ದೇ ಗೃಹಪ್ರವೇಶಕ್ಕೆ ಕರೆದಿದ್ದರು. "ಮೂರು ಗಂಟೆ ಮೇಲೆ ಬನ್ನಿ ಮೇಷ್ಟ್ರೇ, ಆಗ ಆರಾಮಾಗಿ ಮಾತಾಡಬಹುದು" ಅಂದಿದ್ದರು. ಹೋದಾಗ ಶಾಮಿಯಾನ ಬಿಚ್ಚುತ್ತಿದ್ದರು. ಕೊನೆಯ ಪಂಕ್ತಿ ಎದ್ದು ಎಷ್ಟೋ ಹೊತ್ತಾಗಿತ್ತು. ಜಗಲಿಯ ಮೇಲೆ ನನಗೊಬ್ಬನಿಗೆ ಕಾಗದದ ತಟ್ಟೆ ಕೊಟ್ಟರು. ಮಾತಂತೂ ಯಾರೂ ಆಡಲಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನರ ಬಳಿ ಇಂಥ ಒಂದು ತಟ್ಟೆಯ ಕಥೆ ಇರುತ್ತದೆ.

ಹಾಗಾಗಿ ಇಂದಿನ ಪ್ರಶ್ನೆ ‘ಅನುಮಾನ ಪಡಬಾರದು’ ಎಂಬ ಸುಲಭದ ಉಪದೇಶ ಅಲ್ಲ. ನಮ್ಮ ಅನುಮಾನಕ್ಕೆ ಅನುಭವದ ಆಧಾರ ಇದೆ. ಆದರೆ ಆ ಅನುಭವ ಆಗಿದ್ದು ಬೇರೊಬ್ಬರ ಮನೆಯಲ್ಲಿ, ಬೇರೆ ಕಾಲದಲ್ಲಿ. ಅದನ್ನು ತಂದು ಈ ಮನುಷ್ಯನ ಅರ್ಧ ವಾಕ್ಯಕ್ಕೆ ಅಂಟಿಸಬಹುದೇ? ಅಂಟಿಸದೆ ಇದ್ದರೆ ನಾನು ಮತ್ತೆ ಅದೇ ಜಗಲಿಗೆ ಹೋಗಿ ಕೂರುತ್ತೇನೆಯೇ?

ವಿನಯ ಪಿಟಕದ ಪಾರಾಜಿಕ ಭಾಗ ಶುರುವಾಗುವುದೇ ಒಂದು ಅರ್ಧಕ್ಕೆ ನಿಂತ ಆಹ್ವಾನದಿಂದ. ವೇರಂಜದ ಬ್ರಾಹ್ಮಣನೊಬ್ಬ ಬುದ್ಧರನ್ನೂ 500 ಭಿಕ್ಖುಗಳನ್ನೂ ತನ್ನ ಊರಿನಲ್ಲಿ ಮಳೆಗಾಲದ ವರ್ಷಾವಾಸ ಮಾಡಲು ಕರೆದ. ಬುದ್ಧರು ಒಪ್ಪಿದರು. ಕರೆದವನಿಂದ ಆಮೇಲೆ ಯಾವ ಸುದ್ದಿಯೂ ಇಲ್ಲ, ಅನ್ನವೂ ಇಲ್ಲ. ಅದೇ ಹೊತ್ತಿಗೆ ಬರ ಬಿದ್ದಿತ್ತು. ಉತ್ತರಾಪಥದ ಕುದುರೆ ವ್ಯಾಪಾರಿಗಳು ಅಲ್ಲಿ ತಂಗಿದ್ದರು. ಅವರು ಕೊಟ್ಟ ಬಾರ್ಲಿಯನ್ನು ಭಿಕ್ಖುಗಳು ಒರಳಲ್ಲಿ ಕುಟ್ಟಿ ತಿಂದರು. ಆನಂದರು ಒಂದಿಷ್ಟನ್ನು ಕಲ್ಲಿನ ಮೇಲೆ ಅರೆದು ಬುದ್ಧರಿಗೆ ಕೊಟ್ಟರು. ಮೂರು ತಿಂಗಳು ಹೀಗೇ ಕಳೆಯಿತು.

ವರ್ಷಾವಾಸ ಮುಗಿದ ಮೇಲೆ ಬುದ್ಧರು ಸುಮ್ಮನೆ ಹೊರಟುಹೋಗಲಿಲ್ಲ. ಕರೆದವರಿಗೆ ಹೇಳದೆ ಹೊರಡುವ ಪದ್ಧತಿ ನಮ್ಮದಲ್ಲ ಎಂದು ಆನಂದರನ್ನು ಕರೆದುಕೊಂಡು ಅದೇ ಬ್ರಾಹ್ಮಣನ ಮನೆಗೆ ಹೋದರು. ನೀವು ಕರೆದಿರಿ, ನಾವು ಉಳಿದೆವು, ಈಗ ಹೊರಡುತ್ತೇವೆ ಎಂದಷ್ಟೇ ತಿಳಿಸಿದರು. ಆಗ ಅವನೇ ಒಪ್ಪಿಕೊಂಡ: ಕರೆದದ್ದು ನಿಜ, ಕೊಡಬೇಕಾದ್ದನ್ನು ಕೊಡಲಿಲ್ಲ, ಇಲ್ಲ ಎಂದೋ ಮನಸ್ಸಿಲ್ಲ ಎಂದೋ ಅಲ್ಲ, ಸಂಸಾರದ ಕೆಲಸಗಳಲ್ಲಿ ಆಗಲಿಲ್ಲ. ನಾಳೆಯ ಊಟಕ್ಕೆ ಬರಬೇಕು ಎಂದು ಕೇಳಿಕೊಂಡ. ಬುದ್ಧರು ಮೌನದಿಂದ ಒಪ್ಪಿದರು. ಮಾರನೇ ದಿನ ಅಡುಗೆ ಆದ ಮೇಲೆ ಅವನು ಹೊತ್ತಾಯಿತು ಎಂದು ತಿಳಿಸಿದ.

ಈ ಕೊನೆಯ ಭಾಗವನ್ನು ಗಮನಿಸಿ. ಪಿಟಕದಲ್ಲಿ ಊಟದ ಆಹ್ವಾನ ಬಂದಾಗೆಲ್ಲ ಕ್ರಮ ಸಾಮಾನ್ಯವಾಗಿ ಇದೇ. ‘ನಾಳೆ’ ಎಂದು ಮಾತ್ರ ಕರೆಯುತ್ತಾರೆ, ಹೊತ್ತು ಹೇಳುವುದು ಊಟ ತಯಾರಾದ ಮೇಲೆ. ಅಂದರೆ ಆಹ್ವಾನದಲ್ಲಿ ಹೊತ್ತು ಇಲ್ಲದಿರುವುದು ತಾನಾಗಿಯೇ ಅವಮಾನ ಅಲ್ಲ. ಅದನ್ನು ತುಂಬುವ ಕೆಲಸ ಕರೆದವರದು. ಬಂದವರು ತಮ್ಮ ಊಹೆಯಿಂದ ತುಂಬುವಂಥದ್ದಲ್ಲ. ವೇರಂಜದಲ್ಲಿ ಮೂರು ತಿಂಗಳು ಬಾರ್ಲಿ ತಿಂದ ಮೇಲೂ ಬುದ್ಧರು ಆ ಖಾಲಿ ಜಾಗಕ್ಕೆ ತಾವೇ ಒಂದು ಕಾರಣ ಬರೆಯಲಿಲ್ಲ. ಅವನ ಮುಂದೆ ಹೋಗಿ ನಿಂತರು. ಕಾರಣ ಅವನ ಬಾಯಿಂದಲೇ ಬಂತು.

ಆದರೆ ಒಂದು ವ್ಯತ್ಯಾಸ ಇದೆ. ಎದುರಿಗೆ ಕೂತಾಗ ಮೌನ ಒಪ್ಪಿಗೆಯಾಗಿತ್ತು. ಫೋನಿನಲ್ಲಿ ಎರಡು ನೀಲಿ ಗೆರೆ ಬಿದ್ದು ನಾನು ಸುಮ್ಮನಿದ್ದರೆ ಅದು ಒಪ್ಪಿಗೆ ಆಗುವುದಿಲ್ಲ. ಓದಿದರು, ಉತ್ತರ ಕೊಡಲಿಲ್ಲ ಎಂದಾಗುತ್ತದೆ. ಅಲ್ಲಿಗೆ ಅವರು ನನ್ನ ಬಗ್ಗೆ ಊಹಿಸಲು ಶುರು ಮಾಡುತ್ತಾರೆ. ಆದ್ದರಿಂದ ಬರೆಯಲೇಬೇಕು.

ಬರೆಯುವ ಮೊದಲು ಮೆಸೇಜ್ ನಿಜವಾಗಿ ನಿಂತಿದೆಯೋ, ನನಗೆ ಮಾತ್ರ ನಿಂತಂತೆ ಕಾಣುತ್ತಿದೆಯೋ ನೋಡಬೇಕು. ಮೇಲಿಂದ ಇಳಿಯುವ ನೋಟಿಫಿಕೇಶನ್ ಪಟ್ಟಿಯಲ್ಲಿ ಮೊದಲ ಸಾಲುಗಳಷ್ಟೇ ಕಾಣಬಹುದು. ಉದ್ದ ಮೆಸೇಜ್ ಆದರೆ ಕೊನೆಯಲ್ಲಿ Read more ಎಂದಿರುತ್ತದೆ, ಒತ್ತಿದರೆ ಉಳಿದದ್ದು ಬಿಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಹೊತ್ತು, ಜಾಗ ಎಲ್ಲವೂ ಆಹ್ವಾನ ಪತ್ರಿಕೆಯ ಫೋಟೋದಲ್ಲಿ ಇರುತ್ತದೆ, ನಾವು ಫೋಟೋ ಡೌನ್‌ಲೋಡ್ ಮಾಡಿರುವುದಿಲ್ಲ. ಇದನ್ನು ನೋಡದೆ "ಎಲ್ಲಿ, ಎಷ್ಟೊತ್ತಿಗೆ" ಎಂದು ಕೇಳಿದರೆ, ಕಳಿಸಿದ ಪತ್ರಿಕೆಯನ್ನು ಓದಲೂ ಇಲ್ಲ ಎಂದು ಅವರಿಗೆ ಬೇಸರ ಆಗುತ್ತದೆ. ನಾನು ಚಾಟ್ ತೆರೆದು ನೋಡಿದೆ. Read more ಇಲ್ಲ, ಫೋಟೋ ಇಲ್ಲ, ಹಿಂದೆ ಮುಂದೆ ಬೇರೆ ಮೆಸೇಜೂ ಇಲ್ಲ. ನಿಜವಾಗಿಯೇ ನಿಂತಿತ್ತು. ಉಳಿದದ್ದನ್ನು ಟೈಪ್ ಮಾಡುತ್ತಿರಬಹುದು ಎಂದು ರಾತ್ರಿ ಬಿಟ್ಟೆ. ಬರಲಿಲ್ಲ. ಶುಕ್ರವಾರ ಬೆಳಿಗ್ಗೆಗಿಂತ ಹೆಚ್ಚು ತಡ ಮಾಡುವುದೂ ಸರಿಯಲ್ಲ, ಅಡುಗೆಯವರಿಗೆ ಎಷ್ಟು ಜನ ಎಂದು ಹೇಳಬೇಕಲ್ಲ.

ಬೆಳಿಗ್ಗೆ ಬರೆದು ಅಳಿಸಿದ ಸಾಲುಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು: "ಖಂಡಿತ ಬರ್ತೀವಿ ಸರ್." ಕೇಳಲು ಚೆಂದ. ಆದರೆ ಹೊತ್ತೇ ಗೊತ್ತಿಲ್ಲದ ಮೇಲೆ ಖಂಡಿತ ಎಲ್ಲಿಂದ ಬಂತು? ನಮ್ಮಲ್ಲಿ ಭಾನುವಾರ ಬೆಳಿಗ್ಗೆ ವಿಹಾರದಲ್ಲಿ ವಂದನೆ ಇರುತ್ತದೆ. ಆಗದಿದ್ದರೆ ಆ ‘ಖಂಡಿತ’ ನಾಲ್ಕನೇ ಶೀಲದ ಮೇಲೆ ಬೀಳುತ್ತದೆ. ಅದರ ಜೊತೆಗೆ "ಮನೆಯವರಿಗೆಲ್ಲ ಖುಷಿಯಾಯ್ತು" ಅಂತಲೂ ಬರೆದಿದ್ದೆ. ಮನೆಯವರಿಗೆ ನಾನಿನ್ನೂ ಹೇಳಿಯೇ ಇರಲಿಲ್ಲ! ಅದನ್ನೂ ಅಳಿಸಿದೆ.

ಎರಡನೆಯದು: "ಹೊಸ ಮನೆಗೆ ಮಧ್ಯಾಹ್ನ ಒಂದು ಗಂಟೆಗೆ ಬರಲಾ?" ಮನೆ ಯಾವ ಬಡಾವಣೆಯಲ್ಲಿ ಎಂದು ನನಗೆ ಗೊತ್ತಿತ್ತು, ಹಾಗಾಗಿ ಜಾಗ ಅದೇ ಎಂದುಕೊಂಡೆ. ಹೀಗೆ ಕೇಳಿದರೆ ಗಡಿಬಿಡಿಯಲ್ಲಿರುವವರು ‘ಹೂಂ ಸರ್’ ಅಂದುಬಿಡುತ್ತಾರೆ. ನನ್ನ ಊಹೆಗೆ ಅವರ ಸಹಿ ಬಿದ್ದಂತಾಗುತ್ತದೆ, ವಿಷಯ ತಿಳಿದಂತಾಗುವುದಿಲ್ಲ.

ಮೂರನೆಯದನ್ನು ಬರೆಯುವಾಗ ನನಗೇ ಗೊತ್ತಾಗಲಿಲ್ಲ: "ಪರವಾಗಿಲ್ಲ ಸರ್, ನಾವು ಸಂಜೆ ಮೇಲೆ ಬಂದು ಹೋಗ್ತೀವಿ." ಅಳಿಸಿದ ಮೇಲೂ ಇದು ನನ್ನನ್ನು ಬಹಳ ಹೊತ್ತು ಕಾಡಿತು. ಯಾರೂ ಸಂಜೆ ಬನ್ನಿ ಅಂದಿರಲಿಲ್ಲ. ಅವರು ಜಗಲಿ ತೋರಿಸುವ ಮೊದಲೇ ನಾನೇ ಹೋಗಿ ಜಗಲಿಯಲ್ಲಿ ಕೂರುತ್ತಿದ್ದೆ, ಅದಕ್ಕೆ ವಿನಯ ಎಂದು ಹೆಸರಿಟ್ಟುಕೊಂಡು. ತಪ್ಪು ಊಹೆ ಅಂದರೆ ಎದುರಿನವರ ಬಗ್ಗೆ ಕೆಟ್ಟದ್ದನ್ನು ಎಣಿಸುವುದು ಮಾತ್ರ ಎಂದು ತಿಳಿದಿದ್ದೆ. ನನ್ನನ್ನು ನಾನೇ ಕೆಳಗಿಳಿಸಿಕೊಂಡು ಬರೆಯುವುದೂ ಅದೇ ಜಾತಿಯದು.

ಕಳಿಸಿದ್ದು ಇದು:

"ನಮಸ್ತೆ ಸರ್. ಮನೆ ಕಟ್ಟಿ ಮುಗಿಸಿದ್ದು ತುಂಬ ಸಂತೋಷ. ಕರೆದಿದ್ದಕ್ಕೆ ಧನ್ಯವಾದ. ನನಗೆ ಬಂದಿರೋ ಮೆಸೇಜ್ ‘ಊಟಕ್ಕೆ ನೀವು’ ಅನ್ನೋವಲ್ಲಿಗೆ ನಿಂತಿದೆ. ಯಾವ ತಾರೀಖು, ಎಷ್ಟು ಹೊತ್ತಿಗೆ, ಎಲ್ಲಿಗೆ ಬರಬೇಕು ತಿಳಿಸಿ. ನೋಡಿಕೊಂಡು ಇವತ್ತೇ ಹೇಳ್ತೀನಿ, ಎಷ್ಟು ಜನ ಅಂತಾನೂ ಹೇಳ್ತೀನಿ."

‘ನೀವು ಅರ್ಧಕ್ಕೆ ಕಳಿಸಿದ್ದೀರಿ’ ಎಂದು ಬರೆಯಲಿಲ್ಲ, ಯಾಕೆಂದರೆ ಅರ್ಧಕ್ಕೆ ಕಳಿಸಿದರೋ ಅರ್ಧ ಬಂತೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ನನ್ನ ಪರದೆಯ ಮೇಲೆ ಅದು ಎಲ್ಲಿ ನಿಂತಿದೆ ಎಂಬುದು ಮಾತ್ರ. ಅವರ ಕೊನೆಯ ಎರಡು ಪದವನ್ನು ಹಾಗೇ ಬರೆದರೆ ಅವರು ಅಲ್ಲಿಂದಲೇ ಮುಂದುವರಿಸಬಹುದು. ತಾರೀಖು ಕೇಳಿದ್ದು ಯಾಕೆಂದರೆ ಗುರುವಾರ ಹೇಳಿದ ‘ಭಾನುವಾರ’ ಕೆಲವರಿಗೆ ಅದೇ ವಾರ ಬರುವುದಾದರೆ ಕೆಲವರಿಗೆ ಅದರ ಮುಂದಿನದು. ಪೂಜೆಯ ವಿಷಯ ಎತ್ತಲಿಲ್ಲ. 22 ಪ್ರತಿಜ್ಞೆ ತೆಗೆದುಕೊಂಡವನು ನಾನು, ಹೋಮಕ್ಕೆ ಕೂರುವವನಲ್ಲ. ಆದರೆ ಅದಕ್ಕೆ ಅವರು ಕರೆದೇ ಇಲ್ಲ. ಕರೆಯದ್ದಕ್ಕೆ ಬರುವುದಿಲ್ಲ ಅನ್ನುವುದೂ ಒಂದು ಊಹೆಯೇ.

ಇನ್ನು ಆ ಭಯದ ಮಾತು. ಉತ್ತರದಲ್ಲಿ ‘ಮೂರು ಗಂಟೆ ಮೇಲೆ’ ಎಂದು ಬಂದಿದ್ದರೆ? ಆಗ ಇನ್ನೊಂದೇ ಪ್ರಶ್ನೆ ಕೇಳಬೇಕೆಂದಿದ್ದೆ: "ಸ್ಟಾಫ್ ಎಲ್ಲ ಊಟಕ್ಕೆ ಕೂರೋದು ಎಷ್ಟು ಹೊತ್ತಿಗೆ ಸರ್?" ಅದಕ್ಕೂ ಸರಿಯಾದ ಉತ್ತರ ಬರದಿದ್ದರೆ, "ಎಲ್ಲರ ಜೊತೆ ಕೂರುವುದಾದರೆ ಬರುತ್ತೇನೆ, ಇಲ್ಲದಿದ್ದರೆ ಈ ಸಲ ಬೇಡ" ಎಂದು ನೇರವಾಗಿ ಹೇಳುತ್ತಿದ್ದೆ. ಆ ನಿರಾಕರಣೆ ಅವರ ಮಾತಿನ ಮೇಲೆ ನಿಂತಿರುತ್ತಿತ್ತು, 22 ವರ್ಷದ ಹಿಂದಿನ ತಟ್ಟೆಯ ಮೇಲಲ್ಲ. ಊಹಿಸದೆ ಕೇಳುವವನು ಮೋಸ ಹೋಗುತ್ತಾನೆ ಎಂಬ ಹೆದರಿಕೆ ನನಗೂ ಇತ್ತು. ಲೆಕ್ಕ ಹಾಕಿ ನೋಡಿದರೆ ಕೇಳಿದ್ದರಿಂದ ನನ್ನ ಕೈಯಿಂದ ಏನೂ ಜಾರಿರಲಿಲ್ಲ.

11 ಗಂಟೆಗೆ ಉತ್ತರ ಬಂತು. "ಅಯ್ಯೋ ಸಾರಿ ಸರ್, ಅಡುಗೆ ಭಟ್ಟರ ಫೋನ್ ಬಂತು, ಹಾಗೇ ಸೆಂಡ್ ಆಗಿದೆ." ತಾರೀಖು ಇತ್ತು, 12.30 ಎಂದಿತ್ತು. ಊಟ ಹೊಸ ಮನೆಯಲ್ಲಿ ಅಲ್ಲ, ಎರಡು ರಸ್ತೆ ಆಚೆಗಿನ ಸಮುದಾಯ ಭವನದಲ್ಲಿ. ಲೊಕೇಶನ್ ಕೂಡ ಕಳಿಸಿದ್ದರು. ನಾವು ನಾಲ್ಕು ಜನ ಬರುತ್ತೇವೆ ಎಂದು ಬರೆದೆ.

ಆ ‘ನೀವು’ ಆದ ಮೇಲೆ ಏನಿತ್ತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಭಾನುವಾರ ಸಮುದಾಯ ಭವನದಲ್ಲಿ ಸ್ಟಾಫಿನವರ ಸಾಲಿನಲ್ಲೇ ಎಲೆ ಹಾಕಿದ್ದರು. ನನ್ನ ಮಗಳು ಹೋಳಿಗೆಯನ್ನು ಎರಡು ಸಲ ಬಡಿಸಿಕೊಂಡಳು.