ಬಂದೂಕು ಕೆಳಗಿಟ್ಟ ಮೇಲೆ

ಆ ಚಿತ್ರವನ್ನು ನೋಡದವರು ನಮ್ಮಲ್ಲಿ ಕಡಿಮೆ. ಬಯಲಿನಲ್ಲಿ ಒಂದು ಮೇಜು, ಮೇಜಿನ ಹಿಂದೆ ಇಬ್ಬರು ಸೇನಾಧಿಕಾರಿಗಳು, ಒಬ್ಬರು ತಲೆ ತಗ್ಗಿಸಿ ಸಹಿ ಹಾಕುತ್ತಿದ್ದಾರೆ, ಪಕ್ಕದಲ್ಲಿ ಪೇಟ ಸುತ್ತಿದ ಇನ್ನೊಬ್ಬರು ಅದನ್ನು ನೋಡುತ್ತಿದ್ದಾರೆ. 1971ರ ಡಿಸೆಂಬರ್ 16ರ ಸಂಜೆ, ಢಾಕಾದ ರಮ್ನಾ ರೇಸ್‌ಕೋರ್ಸ್ ಮೈದಾನ. ಸಹಿ ಹಾಕುತ್ತಿರುವವರು ಪಾಕಿಸ್ತಾನದ ಲೆಫ್ಟಿನೆಂಟ್ ಜನರಲ್ ಎ.ಎ.ಕೆ. ನಿಯಾಜಿ, ನೋಡುತ್ತಿರುವವರು ಭಾರತದ ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ. ಕನ್ನಡದ ಪತ್ರಿಕೆಗಳಲ್ಲಿ ನಾವು ಈ ದಿನವನ್ನು 'ವಿಜಯ ದಿವಸ' ಎಂದು ಓದಿದೆವು. ಗಡಿಯಾಚೆಯ ಉರ್ದು ಬರಹಗಳಲ್ಲಿ ಅದೇ ದಿನ 'ಸುಕೂತೆ ಢಾಕಾ', ಅಂದರೆ ಢಾಕಾದ ಪತನ. ಹೆಸರು ಎರಡಾದರೂ ಕಾಗದ ಒಂದೇ. ಆ ಕಾಗದ ಮಾಡಿದ್ದೇನು ಎಂಬ ಪ್ರಶ್ನೆಯನ್ನು ಮಾತ್ರ ಎರಡು ಭಾಷೆಗಳಲ್ಲೂ ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಯುದ್ಧ ನಿಲ್ಲುವ ಬಗೆಗಳು ಮೂರು. ದಿನನಿತ್ಯದ ಮಾತಿನಲ್ಲಿ ನಾವು ಅವನ್ನು ಒಂದರೊಳಗೊಂದು ಬೆರೆಸಿಬಿಡುತ್ತೇವೆ. ಕದನ ವಿರಾಮವೆಂದರೆ ಗುಂಡು ಹಾರಿಸುವುದನ್ನು ನಿಲ್ಲಿಸುವುದು. ಯಾರು ಎಲ್ಲಿ ನಿಂತಿದ್ದಾರೋ ಅಲ್ಲೇ ನಿಲ್ಲುತ್ತಾರೆ, ಬಂದೂಕು ಅವರವರ ಕೈಯಲ್ಲೇ ಇರುತ್ತದೆ. ಯುದ್ಧವಿರಾಮ ಒಪ್ಪಂದ, ಅಂದರೆ ಆರ್ಮಿಸ್ಟಿಸ್, ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಇಬ್ಬರು ಸೇನಾಪತಿಗಳು ಕುಳಿತು ಗೆರೆ ಎಲ್ಲಿ, ಎಷ್ಟು ಹೊತ್ತಿಗೆ ಜಾರಿ, ಕೈದಿಗಳನ್ನು ಏನು ಮಾಡಬೇಕು, ಉಲ್ಲಂಘನೆಯಾದರೆ ಯಾರು ವಿಚಾರಿಸಬೇಕು ಎಂದೆಲ್ಲ ಬರೆದುಕೊಳ್ಳುತ್ತಾರೆ. 1907ರ ಹೇಗ್ ನಿಯಮಗಳ ಪ್ರಕಾರ ಇದು ಯುದ್ಧದ ಅಂತ್ಯವಲ್ಲ, ಅಮಾನತು ಮಾತ್ರ. ಅವಧಿ ಗೊತ್ತುಮಾಡದಿದ್ದರೆ ಮುನ್ಸೂಚನೆ ಕೊಟ್ಟು ಮತ್ತೆ ಯುದ್ಧ ಆರಂಭಿಸಬಹುದು ಎಂದೇ ಆ ನಿಯಮ ಹೇಳುತ್ತದೆ. ಯಾರೋ ಒಬ್ಬ ತನ್ನಷ್ಟಕ್ಕೆ ಗುಂಡು ಹಾರಿಸಿದರೆ ಅವನಿಗೆ ಶಿಕ್ಷೆಯನ್ನೂ ನಷ್ಟಕ್ಕೆ ಪರಿಹಾರವನ್ನೂ ಕೇಳಬಹುದು, ಅದನ್ನೇ ನೆಪ ಮಾಡಿಕೊಂಡು ಒಪ್ಪಂದ ಮುರಿಯಬಾರದು ಎಂಬ ವಿವೇಕವೂ ಅದರಲ್ಲಿದೆ.

ಶರಣಾಗತಿ ಇವೆರಡಕ್ಕಿಂತ ಬೇರೆ. ಅಲ್ಲಿ ಒಂದು ಸೈನ್ಯ ತನ್ನನ್ನೇ ಎದುರಾಳಿಯ ಕೈಗೆ ಒಪ್ಪಿಸುತ್ತದೆ.

ಈ ಅಂತರ ಬರಿಯ ಶಬ್ದಜಾಲವಲ್ಲ ಎಂಬುದು ಢಾಕಾದಲ್ಲೇ ಗೊತ್ತಾಯಿತು. ನಿಯಾಜಿ ಬಯಸಿದ್ದು ಕದನ ವಿರಾಮವನ್ನು. ಅಮೆರಿಕದ ಕಾನ್ಸುಲ್ ಜನರಲ್ ಮೂಲಕ ಅವರು ಕಳಿಸಿದ ಪ್ರಸ್ತಾಪದಲ್ಲಿ ಶರಣಾಗತಿ ಎಂಬ ಮಾತಿರಲಿಲ್ಲ. ಭಾರತದ ಸೇನಾ ಮುಖ್ಯಸ್ಥ ಜನರಲ್ ಮಾಣೆಕ್‌ಷಾ ಅದಕ್ಕೆ ಒಪ್ಪಲಿಲ್ಲ. ಡಿಸೆಂಬರ್ 15ರ ಸಂಜೆ 5 ಗಂಟೆಯಿಂದ ಮರುದಿನ ಬೆಳಿಗ್ಗೆ 9ರವರೆಗೆ ಢಾಕಾದ ಮೇಲಿನ ವಿಮಾನ ದಾಳಿ ನಿಲ್ಲಿಸುತ್ತೇವೆ, ಅಷ್ಟರಲ್ಲಿ ಶರಣಾಗಿ ಎಂದರು. ಮರುದಿನ ಮೇಜರ್ ಜನರಲ್ ಜೇಕಬ್ ಕರಡು ಹಿಡಿದು ಢಾಕಾಕ್ಕೆ ಹೋದರು. ನೀವು ಬಂದಿರುವುದು ಕದನ ವಿರಾಮದ ಮಾತಿಗಷ್ಟೇ ಅಲ್ಲವೇ ಎಂದು ನಿಯಾಜಿ ತಕರಾರು ತೆಗೆದರೆಂದು ಜೇಕಬ್ ಮುಂದೆ ಬರೆದಿದ್ದಾರೆ.

ನಿಯಾಜಿ ಹಟ ಹಿಡಿದದ್ದು ಏಕೆಂದು ಊಹಿಸುವುದು ಕಷ್ಟವಲ್ಲ. ಕದನ ವಿರಾಮವಾಗಿದ್ದರೆ ಅವರ ಸೈನಿಕರು ಬಂದೂಕು ಹೆಗಲಿಗೇರಿಸಿಕೊಂಡು ಊರಿಗೆ ಮರಳಬಹುದಿತ್ತು. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಬಂಗಾಳದ ಹಳ್ಳಿ ಪೇಟೆಗಳಲ್ಲಿ ಆ ಸೈನ್ಯ ನಡೆಸಿದ ಕೊಲೆ, ಅತ್ಯಾಚಾರಗಳಿಗೆ ಯಾರೂ ಲೆಕ್ಕ ಕೇಳುವಂತಿರಲಿಲ್ಲ. ಕದನ ವಿರಾಮ ಯಾರ ಮಾನವನ್ನೂ ತೆಗೆಯುವುದಿಲ್ಲ, ಅದೇ ಅದರ ಗುಣ. ಆದರೆ ಅದು ಯಾರ ಮೇಲೂ ಹೊಣೆ ಹೊರಿಸುವುದಿಲ್ಲ, ಅದೇ ಅದರ ದೋಷ.

ಹಾಗಾದರೆ ಶರಣಾಗತಿಯೆಂದರೆ ಸೋತವನಿಗೆ ಅವಮಾನ, ಗೆದ್ದವನಿಗೆ ಹಬ್ಬ ಎಂದಷ್ಟೇ ಅರ್ಥವೇ? ಆಚರಣೆಯನ್ನು ಹೊರಗಿನಿಂದ ನೋಡಿದರೆ ಹಾಗೇ ಅನಿಸುತ್ತದೆ. ನಿಯಾಜಿ ಸಹಿ ಹಾಕಿದರು, ಹೆಗಲ ಮೇಲಿನ ಪದವಿಚಿಹ್ನೆ ಕಳಚಿದರು, ಪಿಸ್ತೂಲು ತೆಗೆದು ಅರೋರಾ ಕೈಗಿತ್ತರು. ಮಾರ್ಚ್ 7ರಂದು ಶೇಖ್ ಮುಜೀಬ್ ಲಕ್ಷಾಂತರ ಜನರೆದುರು ಮಾತಾಡಿದ್ದ ಅದೇ ಮೈದಾನದಲ್ಲಿ, ಜನರ ಕಣ್ಣೆದುರಿಗೇ ಇದು ನಡೆಯಿತು. ಆದರೆ ಆ ಕಾಗದವನ್ನು ಓದಿದರೆ ಅದರಲ್ಲಿ ಸೋತವನ ಮಾತಿಗಿಂತ ಗೆದ್ದವನ ಮಾತೇ ತೂಕದ್ದು. ಶರಣಾದವರನ್ನು ಜಿನೀವಾ ಒಪ್ಪಂದದಂತೆ ಸೈನಿಕರಿಗೆ ಸಲ್ಲಬೇಕಾದ ಘನತೆಯಿಂದ ನಡೆಸಿಕೊಳ್ಳುತ್ತೇನೆ, ಅವರ ಸುರಕ್ಷತೆಗೆ ನಾನು ಹೊಣೆ ಎಂದು ಅರೋರಾ ಅಲ್ಲಿ ಮಾತು ಕೊಡುತ್ತಾರೆ. ವಿದೇಶೀಯರಿಗೆ, ಜನಾಂಗೀಯ ಅಲ್ಪಸಂಖ್ಯಾತರಿಗೆ, ಪಶ್ಚಿಮ ಪಾಕಿಸ್ತಾನ ಮೂಲದವರಿಗೆ ರಕ್ಷಣೆ ಕೊಡಲಾಗುವುದೆಂದೂ ಅದರಲ್ಲಿದೆ.

ಉರ್ದುವಿನಲ್ಲಿ ಸೋತವನ ಕ್ರಿಯೆಗೆ 'ಹಥಿಯಾರ್ ಡಾಲ್ನಾ' ಎನ್ನುತ್ತಾರೆ, ಆಯುಧ ಕೆಳಗಿಡುವುದು. ಗೆದ್ದವನು ಕೊಡಬೇಕಾದದ್ದಕ್ಕೆ 'ಅಮಾನ್' ಎಂಬ ಬೇರೆಯೇ ಹೆಸರಿದೆ, ಅಭಯ ಎಂದರ್ಥ. ಕನ್ನಡದಲ್ಲಿ ಎರಡೂ ಒಂದೇ ಪದದಲ್ಲಿವೆ. 'ಶರಣು' ಬಂದವನು ಆಶ್ರಯ ಕೇಳಿಕೊಂಡು ಬಂದವನು. ಶರಣು ಎಂದವನನ್ನು ಕಾಯದವನನ್ನು ನಮ್ಮ ಹಳ್ಳಿಯ ಕತೆಗಳು ವೀರ ಎನ್ನುವುದಿಲ್ಲ. ಶರಣಾಗತಿಯ ನೈತಿಕ ಬಲ ಇರುವುದೇ ಇಲ್ಲಿ. ಅದು ಸೋತವನ ಬಂದೂಕನ್ನು ತೆಗೆದುಕೊಂಡು ಅವನ ಪ್ರಾಣದ ಹೊಣೆಯನ್ನು ಗೆದ್ದವನ ಹೆಗಲಿಗೆ ಹಾಕುತ್ತದೆ.

ಅದೇ ಯುದ್ಧದ ಇನ್ನೊಂದು ರಂಗದಲ್ಲಿ ಶರಣಾಗತಿಯಾಗಲಿಲ್ಲ. ಪಶ್ಚಿಮದಲ್ಲಿ ಭಾರತ ತಾನಾಗಿಯೇ ಕದನ ವಿರಾಮ ಘೋಷಿಸಿತು. ಡಿಸೆಂಬರ್ 17ರ ರಾತ್ರಿ 8 ಗಂಟೆಗೆ ಅದು ಜಾರಿಗೆ ಬಂತು, ಪಾಕಿಸ್ತಾನವೂ ಒಪ್ಪಿತು. 1972ರ ಜುಲೈ 2ರ ಸಿಮ್ಲಾ ಒಪ್ಪಂದದಲ್ಲಿ ಕಾಶ್ಮೀರದ ಮಟ್ಟಿಗೆ ಆ ಡಿಸೆಂಬರ್ ರಾತ್ರಿ ಯಾರು ಎಲ್ಲಿದ್ದರೋ ಅದನ್ನೇ ನಿಯಂತ್ರಣ ರೇಖೆಯೆಂದು ಗೌರವಿಸಬೇಕೆಂದಾಯಿತು. ಜೊತೆಗೆ, ಇದರಿಂದ ಯಾರ ಹಕ್ಕುದಾವೆಗೂ ಬಾಧೆಯಿಲ್ಲ ಎಂದೂ ಸೇರಿಸಿದರು. ಎರಡೂ ಕಡೆಯವರು ಸಹಿ ಹಾಕಲು ಸಾಧ್ಯವಾದದ್ದು ಈ ಒಂದು ಮಾತಿನಿಂದ. ವ್ಯಾಜ್ಯ ಮುಗಿಯದೆ ಉಳಿದದ್ದೂ ಅದರಿಂದಲೇ. 2003ರ ನವೆಂಬರ್‌ನಲ್ಲಿ ಆ ಗೆರೆಯ ಮೇಲೆ ಮತ್ತೊಮ್ಮೆ ಕದನ ವಿರಾಮ ಬೇಕಾಯಿತು, 2021ರ ಫೆಬ್ರವರಿಯಲ್ಲಿ ಇನ್ನೊಮ್ಮೆ. 2025ರ ಮೇ 10ರಂದು ಮತ್ತೆ ಸೇನಾಧಿಕಾರಿಗಳು ಫೋನಿನಲ್ಲಿ ಮಾತಾಡಿ ಗುಂಡು ನಿಲ್ಲಿಸಬೇಕಾಯಿತು. ಒಂದೇ ಯುದ್ಧ, ಎರಡು ಕೊನೆ. ಪೂರ್ವದ ರಂಗದ ಕತೆ ಪುಸ್ತಕ ಸೇರಿತು, ಪಶ್ಚಿಮದ ರಂಗದ ಊರುಗಳಲ್ಲಿ ಜನ ಇಂದಿಗೂ ಮನೆಯ ಪಕ್ಕ ಬಂಕರ್ ಕಟ್ಟಿಕೊಂಡು ಬದುಕುತ್ತಾರೆ.

ನಡುವಿನ ಬಗೆಯಾದ ಆರ್ಮಿಸ್ಟಿಸ್‌ಗೆ ಕೊರಿಯಾವೇ ಉದಾಹರಣೆ. 1953ರ ಜುಲೈ 27ರ ಬೆಳಿಗ್ಗೆ 10 ಗಂಟೆಗೆ ಪನ್‌ಮುನ್‌ಜೊಮ್‌ನಲ್ಲಿ ಇಬ್ಬರು ಸೇನಾಧಿಕಾರಿಗಳು ಪರಸ್ಪರ ಮಾತಾಡದೆ ಸಹಿ ಹಾಕಿ ಎದ್ದುಹೋದರು. ಆದೇಶ ಎಲ್ಲ ತುಕಡಿಗಳಿಗೂ ತಲುಪಲೆಂದು ಹನ್ನೆರಡು ಗಂಟೆಯ ಅವಕಾಶವಿಟ್ಟರು. ರಾತ್ರಿ 10ಕ್ಕೆ ಫಿರಂಗಿಗಳು ಸುಮ್ಮನಾದವು. ಮಾತುಕತೆ ಆರಂಭವಾಗಿ ಆಗಲೇ ಎರಡು ವರ್ಷ ದಾಟಿತ್ತು. ಅಷ್ಟು ಕಾಲ ಎಳೆದಾಡಿದ ದೊಡ್ಡ ಕಾರಣ ಕೈದಿಗಳದು: ಊರಿಗೆ ಮರಳಲು ಒಲ್ಲೆನೆನ್ನುವ ಕೈದಿಯನ್ನು ಬಲವಂತವಾಗಿ ಕಳಿಸಬೇಕೇ? ಅಂಥ 22,000ಕ್ಕೂ ಹೆಚ್ಚು ಚೀನೀ ಹಾಗೂ ಉತ್ತರ ಕೊರಿಯಾದ ಕೈದಿಗಳ ಮನಸ್ಸು ತಿಳಿಯುವ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ಕೈದಿಗಳ ಶಿಬಿರಗಳಲ್ಲೇ ಮುಖಂಡರು ಬೆದರಿಕೆ ಹಾಕುತ್ತಿದ್ದಾಗ ಯಾರ 'ಒಲ್ಲೆ' ನಿಜವಾದ 'ಒಲ್ಲೆ' ಎಂದು ತಿಳಿಯುವುದು ಸುಲಭವಾಗಿರಲಿಲ್ಲ. ಆ ಒಪ್ಪಂದ ಕೇಳಿದ್ದ ರಾಜಕೀಯ ಸಮ್ಮೇಳನ 1954ರಲ್ಲಿ ಜಿನೀವಾದಲ್ಲಿ ಸೇರಿ, ಕೊರಿಯಾದ ವಿಷಯದಲ್ಲಿ ಏನೂ ಆಗದೆ ಮುಗಿಯಿತು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ.

ಮತ್ತೆ ಢಾಕಾಕ್ಕೆ ಬರೋಣ. ಕೊಟ್ಟ ಮಾತು ಏನಾಯಿತು? ನಾಗರಿಕರೂ ಸೇರಿ ಸುಮಾರು 93,000 ಮಂದಿ ಭಾರತದ ವಶಕ್ಕೆ ಬಂದರು. ಅವರ ಜೀವಕ್ಕೆ ಕೊಟ್ಟ ಅಭಯ ಬಹುಮಟ್ಟಿಗೆ ನಡೆಯಿತು. ಆದರೆ ಹೋರಾಟ ನಿಂತೊಡನೆ ತಡಮಾಡದೆ ಕೈದಿಗಳನ್ನು ಬಿಡಬೇಕೆನ್ನುತ್ತದೆ ಜಿನೀವಾ ಒಪ್ಪಂದ. ಅವರು ಶರಣಾದದ್ದು ಭಾರತ ಮತ್ತು ಬಾಂಗ್ಲಾದೇಶದ ಜಂಟಿ ಪಡೆಗೆ, ಆದ್ದರಿಂದ ಬಾಂಗ್ಲಾದೇಶದ ಒಪ್ಪಿಗೆ ಬೇಕು ಎಂದಿತು ಭಾರತ. ಬಾಂಗ್ಲಾದೇಶವನ್ನು ಪಾಕಿಸ್ತಾನ ಇನ್ನೂ ಮಾನ್ಯ ಮಾಡಿರಲಿಲ್ಲ. ಹೀಗೆ ಕೈದಿಗಳು ಚೌಕಾಸಿಯ ವಸ್ತುವಾದರು. 1973ರ ಆಗಸ್ಟ್‌ನ ದೆಹಲಿ ಒಪ್ಪಂದದ ನಂತರವೇ ಅವರು ಮನೆ ಕಡೆ ಹೊರಟದ್ದು. ಯುದ್ಧಾಪರಾಧದ ಆರೋಪ ಹೊತ್ತ 195 ಮಂದಿಯ ವಿಚಾರಣೆಯನ್ನೂ 1974ರ ಏಪ್ರಿಲ್‌ನಲ್ಲಿ ಕೈಬಿಡಲಾಯಿತು. ಬಾಂಗ್ಲಾದೇಶ ಅತ್ಯಾಚಾರಕ್ಕೊಳಗಾದ ಹೆಣ್ಣುಮಕ್ಕಳಿಗೆ 'ಬೀರಾಂಗನಾ' ಎಂಬ ಬಿರುದು ಕೊಟ್ಟಿತು. ಆ 195 ಮಂದಿಯನ್ನು ಬಿಡಬಹುದೇ ಎಂದು ಆ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಗುಂಪನ್ನೂ ಕೇಳಲಿಲ್ಲ. 1947ರ ನಂತರ ಬಿಹಾರದಿಂದ ಪೂರ್ವ ಪಾಕಿಸ್ತಾನಕ್ಕೆ ಹೋಗಿದ್ದ ಉರ್ದು ಮಾತಿನವರು. ಅವರಲ್ಲಿ ಕೆಲವರು ಪಾಕ್ ಸೈನ್ಯದ ಜೊತೆ ನಿಂತು ಬಂಗಾಳಿಗಳ ಮೇಲೆ ಕೈಮಾಡಿದ್ದು ನಿಜ. ಏನೂ ಮಾಡದ ಹಲವರು ಭಾಷೆಯ ಕಾರಣಕ್ಕೇ ಸತ್ತದ್ದೂ ನಿಜ. ಸೈನಿಕರು ಊರಿಗೆ ಮರಳಿದರು. ಇವರಲ್ಲಿ ಸ್ವಲ್ಪ ಮಂದಿಯನ್ನು ಮಾತ್ರ ಪಾಕಿಸ್ತಾನ ಕರೆಸಿಕೊಂಡಿತು, ಉಳಿದವರು ಶಿಬಿರಗಳಲ್ಲಿ ಉಳಿದರು. ಢಾಕಾದ ಮೊಹಮ್ಮದಪುರದ ಶಿಬಿರಕ್ಕೆ 'ಜಿನೀವಾ ಕ್ಯಾಂಪ್' ಎಂದೇ ಹೆಸರು. 1971ರಲ್ಲಿ ಮಕ್ಕಳಾಗಿದ್ದವರು ಮತ್ತು ಆಮೇಲೆ ಹುಟ್ಟಿದವರು ಈ ದೇಶದ ಪ್ರಜೆಗಳೇ ಎಂದು ಢಾಕಾದ ಹೈಕೋರ್ಟ್ ಹೇಳಲು 2008 ಬರಬೇಕಾಯಿತು. ಅಲ್ಪಸಂಖ್ಯಾತರಿಗೆ ರಕ್ಷಣೆಯೆಂಬ ಆ ಒಂದು ಸಾಲು ಮೇಜಿನ ಮೇಲೆಯೇ ಉಳಿದಿತ್ತು.

ಹಾಗಾದರೆ ಮೂರರಲ್ಲಿ ಯಾವುದು ಮೇಲು? ಸಾಯುತ್ತಿರುವವನ ಪಾಲಿಗೆ ಕದನ ವಿರಾಮವೇ ಮೇಲು, ಏಕೆಂದರೆ ಅದು ಇಂದು ರಾತ್ರಿಯೇ ಆಗಬಲ್ಲದು. ಅದನ್ನು ಹಗುರವಾಗಿ ಕಾಣುವ ಹಕ್ಕು ದೂರದಲ್ಲಿ ಕುಳಿತ ನಮಗಿಲ್ಲ. ಆದರೆ ಅದನ್ನು ಶಾಂತಿಯೆಂದು ಕರೆದು ಎದ್ದುಹೋಗುವ ಹಕ್ಕೂ ನಮಗಿಲ್ಲ. ಶರಣಾಗತಿಯಲ್ಲಿ ಹೊಣೆಗಾರ ಯಾರೆಂಬುದು ಸ್ಪಷ್ಟವಾಗಿರುತ್ತದೆ, ಅವನ ಕಾಲರ್ ಹಿಡಿದು ಕೇಳಬಹುದು. ಆದರೆ ಅದೂ ಸಮವಸ್ತ್ರ ತೊಟ್ಟವನನ್ನು ಮೊದಲು ಕಾಯುತ್ತದೆ. ಮೇಜಿನ ಮುಂದೆ ಕುರ್ಚಿಯಿಲ್ಲದವರ ಸರದಿ ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಇನ್ನು ಮುಂದೆ ಆ ಚಿತ್ರ ಕಣ್ಣಿಗೆ ಬಿದ್ದಾಗ ಗೆದ್ದವರಾರು, ಸೋತವರಾರು ಎಂದು ನೋಡುವುದರ ಜೊತೆಗೆ ಇನ್ನೊಂದನ್ನೂ ನೋಡೋಣ. ಮೇಜಿನ ಮೇಲಿನ ಆ ಕಾಗದದಲ್ಲಿ ಯಾರ್ಯಾರಿಗೆ ಮಾತು ಕೊಡಲಾಗಿತ್ತು, ಅವರಲ್ಲಿ ಎಷ್ಟು ಮಂದಿ ಮನೆ ಸೇರಿದರು?