25ನೇ ಪುಟದ ಖರ್ಚು

ಸೆಪ್ಟೆಂಬರ್ ಬಂತೆಂದರೆ ನಮ್ಮ ಕಡೆ ಸಹಕಾರಿ ಸಂಘಗಳ ಮಹಾಸಭೆಯ ಕಾಲ. ಪುತ್ತೂರು, ಸುಳ್ಯ, ಕಡಬದ ಊರುಗಳಲ್ಲಿ ಕೃಷಿ ಪತ್ತಿನ ಸಂಘಕ್ಕೋ ಹಾಲಿನ ಸೊಸೈಟಿಗೋ ಸದಸ್ಯರಾಗದ ಮನೆ ಕಡಿಮೆ. ಹಾಗಾಗಿ ಆ ತಿಂಗಳು ಬಹುಪಾಲು ಮನೆಗಳಿಗೆ ಅಂಗೈ ಅಗಲಕ್ಕಿಂತ ತುಸು ದೊಡ್ಡದಾದ ಒಂದು ಪುಸ್ತಿಕೆ ಬರುತ್ತದೆ. ಸಭೆಯ ನೋಟೀಸು, ವರದಿ, ಜಮಾ ಖರ್ಚು, ಲಾಭ ನಷ್ಟ, ಮುಂದಿನ ವರ್ಷದ ಅಂದಾಜು ಎಲ್ಲ ಅದರಲ್ಲಿರುತ್ತದೆ. ಡಿವಿಡೆಂಡು ಎಷ್ಟೆಂದು ನೋಡಿ ಮಡಚಿಡುವವರೇ ಹೆಚ್ಚು. ಆದರೆ ಆ ಪುಸ್ತಿಕೆಯನ್ನು ಅಚ್ಚಿಗೆ ಕೊಡುವ ಕಾರ್ಯದರ್ಶಿಗೆ ಪ್ರತಿ ವರ್ಷವೂ ಒಂದು ಲೆಕ್ಕ ಕೈಕೊಡುತ್ತದೆ. ಅದು ಸಂಘದ ಲೆಕ್ಕವಲ್ಲ, ಹಾಳೆಯ ಲೆಕ್ಕ.

ಸವಣೂರಿನ ಪೇಟೆಯಲ್ಲಿ ಒಬ್ಬ ಕಾರ್ಯದರ್ಶಿ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದರೆಂದು ಇಟ್ಟುಕೊಳ್ಳಿ. ವರದಿ 22 ಪುಟ, ಬೇಕಾದದ್ದು 300 ಪ್ರತಿ. “ಇಪ್ಪತ್ತೆರಡು ಪುಟ ಉಂಟು ಮಾರಾಯ್ರೆ, ಎರಡೂ ಬದಿ ಪ್ರಿಂಟ್ ತೆಗೆದರೆ ಹನ್ನೊಂದು ಹಾಳೆ ಅಲ್ವಾ?” ಎಂಬ ಅವರ ಮಾತು ಒಂದು ಲೆಕ್ಕದಲ್ಲಿ ಸರಿಯೇ. ಪುಟವೆಂದರೆ ಹಾಳೆಯ ಒಂದು ಬದಿ. ಎ4 ಹಾಳೆಯನ್ನು ಮಡಚದೆ ಎರಡೂ ಬದಿ ಅಚ್ಚು ಹಾಕಿ, ಮೂಲೆಗೆ ಪಿನ್ ಹೊಡೆಯುವುದಾದರೆ 22 ಪುಟಕ್ಕೆ 11 ಹಾಳೆ. 23 ಪುಟವಾದರೆ 12 ಹಾಳೆ, ಕೊನೆಯ ಹಾಳೆಯ ಬೆನ್ನು ಖಾಲಿ. ಅಲ್ಲಿಗೆ ಮುಗಿಯಿತು.

ಕಾರ್ಯದರ್ಶಿಗೆ ಬೇಕಾದದ್ದು ಅದಲ್ಲ. ಎ4 ಹಾಳೆಯನ್ನು ನಡುವೆ ಮಡಚಿ, ಮಡಿಕೆಯ ಮೇಲೆ ಎರಡು ಪಿನ್ ಹೊಡೆದ ಎ5 ಪುಸ್ತಿಕೆ. ಮಡಚಿದ ಕೂಡಲೇ ಒಂದು ಹಾಳೆ ಎರಡು ಎಲೆಯಾಗುತ್ತದೆ, ಎಲೆಗೆ ಎರಡು ಬದಿ, ಒಟ್ಟು ನಾಲ್ಕು ಪುಟ. 22ನ್ನು ನಾಲ್ಕರಿಂದ ಭಾಗಿಸಿದರೆ ಐದೂವರೆ. ಈ ಅರ್ಧ ಹಾಳೆಯಲ್ಲೇ ಎಲ್ಲ ತಕರಾರು. ಅರ್ಧ ಹಾಳೆ ಕತ್ತರಿಸಿ ಸೇರಿಸಿದರಾಯಿತಲ್ಲ ಅನಿಸಬಹುದು. ಆದರೆ ಪಿನ್ ಹಿಡಿಯುವುದು ಮಡಿಕೆಯನ್ನು. ಮಡಿಕೆಯ ಆಚೆಗೊಂದು ಈಚೆಗೊಂದು ಎಲೆ ಇದ್ದರೆ ಮಾತ್ರ ಎರಡೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಜೋಡಿಯಿಲ್ಲದ ಎಲೆಗೆ ಮಡಿಕೆಯೇ ಇಲ್ಲ. ಅದು ಪುಸ್ತಿಕೆಯ ಒಳಗೆ ಸುಮ್ಮನೆ ಇಟ್ಟ ಚೀಟಿಯಾಗಿ ಉಳಿದು ಮೊದಲ ಸಲ ಬಿಡಿಸಿದಾಗಲೇ ಕೆಳಗೆ ಬೀಳುತ್ತದೆ. ಅಂಚಿಗೆ ಗೋಂದು ಹಚ್ಚಿ ಅಂಟಿಸಬಹುದು, ಆದರೆ 300 ಪ್ರತಿಗೂ ಅದನ್ನು ಕೈಯಲ್ಲೇ ಮಾಡಬೇಕು. ಆದ್ದರಿಂದ ಐದೂವರೆಯನ್ನು ಆರು ಮಾಡುತ್ತಾರೆ: 6 ಹಾಳೆ, 24 ಪುಟ, ಅದರಲ್ಲಿ ಎರಡು ಖಾಲಿ. ಮನಸ್ಸಿನಲ್ಲೇ ಲೆಕ್ಕ ಹಾಕುವುದಾದರೆ ಪುಟಗಳ ಸಂಖ್ಯೆಗೆ 3 ಕೂಡಿಸಿ 4ರಿಂದ ಭಾಗಿಸಿ, ಶೇಷ ಬಿಟ್ಟುಬಿಡಿ. 22ಕ್ಕೂ 6, 24ಕ್ಕೂ 6, 25ಕ್ಕೆ 7.

ನಾಲ್ಕರ ಈ ನಿಯಮ ಎಲ್ಲ ಪುಸ್ತಕಕ್ಕೂ ಅನ್ವಯಿಸುವುದಿಲ್ಲ. ಬದಿಯಲ್ಲಿ ಪಿನ್ ಹೊಡೆದು ಬೆನ್ನಿಗೆ ಪಟ್ಟಿ ಅಂಟಿಸುವುದಾದರೆ, ಅಥವಾ ಬಿಡಿ ಎಲೆಗಳ ಬೆನ್ನಿಗೆ ಅಂಟು ಹಾಕುವುದಾದರೆ ಎರಡರಿಂದ ಭಾಗವಾದರೆ ಸಾಕು. ಇನ್ನೊಂದು ಕಡೆ, ದೊಡ್ಡ ಹಾಳೆಯಲ್ಲಿ ಅಚ್ಚು ಹಾಕುವ ಪ್ರೆಸ್ಸುಗಳಿಗೆ ನಾಲ್ಕು ಸಾಲುವುದಿಲ್ಲ. ಕನ್ನಡ ಪುಸ್ತಕಗಳ ಒಳಪುಟದಲ್ಲಿ ‘ಡೆಮಿ 1/8’ ಎಂದು ಇರುವುದನ್ನು ನೋಡಿರುತ್ತೀರಿ. ಡೆಮಿ ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಎಲೆ, ಹದಿನಾರು ಪುಟ. ಪ್ರೆಸ್ಸಿನವರು ಅದನ್ನು ಒಂದು ಫಾರಂ ಎನ್ನುತ್ತಾರೆ. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದ್ದ ಶಿವರಾಮ ಕಾರಂತರಿಗೆ ಇದು ಗೊತ್ತಿರದ ವಿಷಯವೇನಲ್ಲ, ಬರೆದವರೂ ಅವರೇ, ಅಚ್ಚು ಹಾಕಿಸಿದವರೂ ಅವರೇ. ನಮ್ಮ ಕಾರ್ಯದರ್ಶಿಗೆ ಫಾರಂನ ಗೊಡವೆ ಬೇಡ, ಒಂದೇ ಮಡಿಕೆ ಸಾಕು.

ಈಗ ಪುಟಗಳು ಹಾಳೆಯ ಮೇಲೆ ಎಲ್ಲೆಲ್ಲಿ ಕೂರುತ್ತವೆ ನೋಡಿ. ಆರು ಖಾಲಿ ಹಾಳೆ ತೆಗೆದುಕೊಂಡು ಒಟ್ಟಿಗೆ ಮಡಚಿ, ಪುಟ ತಿರುವುತ್ತಾ ಮೂಲೆಯಲ್ಲಿ 1ರಿಂದ 24ರವರೆಗೆ ಅಂಕೆ ಬರೆಯಿರಿ. ಪ್ರೆಸ್ಸಿನಲ್ಲಿ ಇದಕ್ಕೆ ಡಮ್ಮಿ ಎನ್ನುತ್ತಾರೆ. ಬರೆದು ಮುಗಿದ ಮೇಲೆ ಹಾಳೆಗಳನ್ನು ಬಿಡಿಸಿ ಹರಡಿ. ಎಲ್ಲಕ್ಕಿಂತ ಹೊರಗಿನ ಹಾಳೆಯ ಒಂದು ಬದಿಯಲ್ಲಿ 24 ಮತ್ತು 1, ಅದರ ಬೆನ್ನಿಗೆ 2 ಮತ್ತು 23. ಮುಂದಿನದರಲ್ಲಿ 22 ಮತ್ತು 3, ಬೆನ್ನಿಗೆ 4 ಮತ್ತು 21. ಹೀಗೇ ಒಳಗೆ ಹೋದರೆ ಕೊನೆಯ ಹಾಳೆಯಲ್ಲಿ 14 ಮತ್ತು 11, ಬೆನ್ನಿಗೆ 12 ಮತ್ತು 13. ಅಕ್ಕಪಕ್ಕ ಕೂತ ಎರಡು ಅಂಕೆಗಳನ್ನು ಎಲ್ಲಿ ಕೂಡಿಸಿದರೂ 25, ಅಂದರೆ ಒಟ್ಟು ಪುಟಕ್ಕಿಂತ ಒಂದು ಹೆಚ್ಚು. ಪ್ರಿಂಟರಿನಿಂದ ಹೊರಬಂದ ಯಾವುದೇ ಹಾಳೆಯಲ್ಲಿ ಈ ಮೊತ್ತ ಬೇರೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಉಳಿದ 299 ಪ್ರತಿಯಾದರೂ ಉಳಿದೀತು.

ಮೊತ್ತ ಸರಿಯಿದ್ದೂ ಪುಸ್ತಿಕೆ ಕೆಡುವುದುಂಟು. ಪುಸ್ತಿಕೆಯ ಹಾಳೆ ಅಡ್ಡಲಾಗಿರುತ್ತದೆ, ಅದರ ಮೇಲೆ ಎರಡು ಪುಟ ಪಕ್ಕಪಕ್ಕ ನಿಂತಿರುತ್ತವೆ. ಎರಡನೇ ಬದಿಗೆ ಹಾಳೆಯನ್ನು ಮಗುಚುವಾಗ ಅದು ಚಿಕ್ಕ ಅಂಚಿನ ಕಡೆಯಿಂದ ಮಗುಚಿಕೊಳ್ಳಬೇಕು. ಪ್ರಿಂಟ್ ಕೊಡುವ ಪರದೆಯಲ್ಲಿ `Flip on short edge` ಎಂದು ಇರುವುದು ಇದಕ್ಕೇ. ಸಾಮಾನ್ಯ ಪತ್ರಗಳಿಗೆ ಉದ್ದ ಅಂಚೇ ಸರಿ, ಹೆಚ್ಚಿನ ಕಡೆ ಅದೇ ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು ಬದಲಿಸದೆ ಹೊಡೆದರೆ 1ನೇ ಪುಟದ ಬೆನ್ನಿಗೆ ತಲೆಕೆಳಗಾದ 23 ಬಂದು ಕೂರುತ್ತದೆ. ಒಂದೇ ಪ್ರತಿ ತೆಗೆದು, ಮಡಚಿ, ಮೊದಲ ಎಲೆ ತಿರುವಿದರೆ ಗೊತ್ತಾಗುವ ತಪ್ಪಿದು.

ಇನ್ನು ಆ ಎರಡು ಖಾಲಿ ಪುಟ. ಹೆಚ್ಚಿನವರು ಎರಡನ್ನೂ ಕೊನೆಗೆ ಬಿಡುತ್ತಾರೆ. ಆಗ ಹಿಂದಿನ ರಕ್ಷಾಪುಟವೇ ಬೋಳು, ಸದಸ್ಯರ ವಿಳಾಸ ಬರೆಯುವ ಚೌಕ ಒಳಗೆಲ್ಲೋ 22ನೇ ಪುಟದಲ್ಲಿ. ಅದಕ್ಕಿಂತ ಒಂದು ಖಾಲಿಯನ್ನು ಮುಖಪುಟದ ಬೆನ್ನಿಗೆ, ಅಂದರೆ 2ನೇ ಪುಟಕ್ಕೆ, ಇನ್ನೊಂದನ್ನು 23ಕ್ಕೆ ಹಾಕುವುದು ವಾಸಿ. ವಿಳಾಸದ ಚೌಕ ತಾನಾಗಿ 24ಕ್ಕೆ ಬಂದು ಹೊರಗೆ ಕಾಣುತ್ತದೆ.

ಆದರೆ ಮುಂದೆ ಒಂದು ಖಾಲಿ ಸೇರಿದ ಕೂಡಲೇ ಒಳಗಿನ ಪುಟಗಳೆಲ್ಲ ಒಂದೊಂದು ಸ್ಥಾನ ಸರಿಯುತ್ತವೆ. ಎಡಕ್ಕಿದ್ದದ್ದು ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ. ಸಂಘದ ವರದಿಯಲ್ಲಿ ಇದು ಸಣ್ಣ ವಿಷಯವಲ್ಲ, ಏಕೆಂದರೆ ಆಸ್ತಿ ಜವಾಬ್ದಾರಿ ತಖ್ತೆ ಎದುರುಬದಿರು ಎರಡು ಪುಟಗಳಲ್ಲಿ ಇರಬೇಕಾದದ್ದು: ಎಡಕ್ಕೆ ಜವಾಬ್ದಾರಿ, ಬಲಕ್ಕೆ ಆಸ್ತಿ. ನಮ್ಮ ಕಾರ್ಯದರ್ಶಿಯ 22 ಪುಟದಲ್ಲಿ ಅದು 11 ಮತ್ತು 12ರಲ್ಲಿತ್ತೆಂದು ಇಟ್ಟುಕೊಳ್ಳಿ. 11 ಬೆಸ ಸಂಖ್ಯೆ, ಬಲಗಡೆಯ ಪುಟ, 12 ಅದರ ಬೆನ್ನಿನಲ್ಲಿ. ಒಟ್ಟು ಮೊತ್ತ ತಾಳೆ ನೋಡಲು ಸದಸ್ಯರು ಎಲೆಯನ್ನು ಅತ್ತ ಇತ್ತ ತಿರುವುತ್ತಾ ಕೂರಬೇಕು. ಮುಂದೆ ಒಂದು ಖಾಲಿ ಸೇರಿದರೆ ತಖ್ತೆ 12 ಮತ್ತು 13ಕ್ಕೆ ಬರುತ್ತದೆ. ಅದು ಪುಸ್ತಿಕೆಯ ನಟ್ಟನಡುವಿನ ಜೋಡಿ. ಎದುರುಬದಿರಾದ ಎರಡು ಪುಟಗಳು ಒಂದೇ ಹಾಳೆಯ ಒಂದೇ ಬದಿಯಲ್ಲಿ ಅಚ್ಚಾಗುವುದು ಇಡೀ ಪುಸ್ತಿಕೆಯಲ್ಲಿ ಅಲ್ಲಿ ಮಾತ್ರ. ಉಳಿದ ಕಡೆ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದರದು. ಮಡಚುವಾಗ ಕೂದಲೆಳೆಯಷ್ಟು ಜಾರಿದರೂ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ನಡುವಿನ ಜೋಡಿಯಲ್ಲಿ ಆ ಭಯವಿಲ್ಲ. ನಾಲ್ಕರಿಂದ ಭಾಗವಾಗುವ ಸಂಖ್ಯೆಯ ಅರ್ಧ ಯಾವಾಗಲೂ ಸಮವಾದ್ದರಿಂದ ಆ ಜೋಡಿಯ ಮೊದಲನೆಯದು ಎಡಪುಟವೇ ಆಗಿರುತ್ತದೆ. ದೊಡ್ಡ ಕೋಷ್ಟಕವೇನಾದರೂ ಇದ್ದರೆ ಅದರ ಜಾಗ ಅದು.

ಹಾಳೆ ಹೆಚ್ಚಾದಂತೆ ಮತ್ತೊಂದು ತೊಡಕು ತಲೆಯೆತ್ತುತ್ತದೆ. ಒಳಗಿನ ಹಾಳೆಯನ್ನು ಹೊರಗಿನವು ಸುತ್ತಿಕೊಂಡಿರುವುದರಿಂದ ಒಳಗಿನದು ಅಂಚಿನಲ್ಲಿ ಮುಂದೆ ಚಾಚುತ್ತದೆ. 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಆರು ಹಾಳೆಯಲ್ಲಿ ಚಾಚುವುದು ಅರ್ಧ ಮಿಲಿಮೀಟರ್, ಕಣ್ಣಿಗೆ ಬೀಳದು. ಸ್ಮರಣ ಸಂಚಿಕೆಯೆಂದು 80 ಪುಟಕ್ಕೆ 20 ಹಾಳೆ ಮಡಚಿದರೆ ಹತ್ತಿರ ಹತ್ತಿರ ಎರಡು ಮಿಲಿಮೀಟರ್. ಕಟಿಂಗ್ ಮಷೀನಿನಲ್ಲಿ ಅಂಚು ಸಮ ಮಾಡಿದಾಗ ಅಷ್ಟೂ ನಡುವಿನ ಪುಟಗಳಿಂದಲೇ ಹೋಗುತ್ತದೆ. ಪುಟಸಂಖ್ಯೆಯನ್ನು ಹೊರ ಅಂಚಿಗೆ ತಾಗಿಸಿ ಇಟ್ಟವರಿಗೆ ನಡುವಿನ ಪುಟಗಳಲ್ಲಿ ಅಂಕೆ ಅರ್ಧವೇ ಸಿಗಬಹುದು. ಅಷ್ಟು ದಪ್ಪದ್ದನ್ನು ಮಡಚಿ ಪಿನ್ ಹೊಡೆಯುವ ಹಟ ಬಿಟ್ಟು ಬೆನ್ನಿಗೆ ಅಂಟು ಹಾಕಿಸುವುದೇ ಮೇಲು.

ದುಡ್ಡಿನ ಮಾತಿಗೆ ಬರೋಣ. ಆರು ಹಾಳೆಯ 300 ಪ್ರತಿಗೆ 1800 ಹಾಳೆ. ರೀಮಿಗೆ 500ರಂತೆ ನಾಲ್ಕು ರೀಮು ತಂದರೆ 200 ಹಾಳೆ ಮಿಕ್ಕುತ್ತದೆ, ಕೆಟ್ಟು ಹೋಗುವುದಕ್ಕೆ ಅದು ಸಾಕು. ಈಗ ಅಧ್ಯಕ್ಷರ ಮಾತು ತುಸು ಉದ್ದವಾಗಿ, ಖಾಲಿ ಪುಟಗಳೂ ತುಂಬಿ, ಲೆಕ್ಕ 25 ಪುಟಕ್ಕೆ ಹೋಯಿತೆನ್ನಿ. ಹಾಳೆ ಏಳು, ಒಟ್ಟು 2100, ಐದನೇ ರೀಮು ಒಡೆಯಲೇಬೇಕು. ಬಂದ ಮಾತು ಒಂದು ಪುಟ, ತೆತ್ತದ್ದು ನಾಲ್ಕು ಪುಟದ ಖರ್ಚು, ಅದರಲ್ಲಿ ಮೂರು ಖಾಲಿ. ಇಂಥಲ್ಲಿ ಅಕ್ಷರವನ್ನು ಅರ್ಧ ಪಾಯಿಂಟ್ ಇಳಿಸಿಯೋ ಎರಡು ಪ್ಯಾರಾ ಕತ್ತರಿಸಿಯೋ 24ಕ್ಕೆ ತರುವುದು ಜಿಪುಣತನವಲ್ಲ. ಅಧ್ಯಕ್ಷರಿಗೆ ಅದನ್ನು ಹೇಳುವ ಕೆಲಸ ಮಾತ್ರ ಹಾಳೆಯ ಲೆಕ್ಕಕ್ಕಿಂತ ಕಷ್ಟ.

ಕೊನೆಯದಾಗಿ ರಟ್ಟಿನ ಮಾತು. ಮುಖಪುಟಕ್ಕೆ ಬೇರೆ ದಪ್ಪ ಕಾಗದ ಬಳಸಿದರೆ ಅದೂ ಮಡಚಿದ ಹಾಳೆಯೇ, ಅದರದೇ ನಾಲ್ಕು ಪುಟ. ಒಳಗೆ 24, ಹೊರಗೆ 4, ಒಟ್ಟು 28. “ಇಪ್ಪತ್ತನಾಲ್ಕು ಪುಟ” ಎಂದು ಫೋನಿನಲ್ಲಿ ಹೇಳಿ ಇಟ್ಟರೆ ಪ್ರೆಸ್ಸಿನವರು ರಟ್ಟು ಸೇರಿಸಿಯೂ ತಿಳಿಯಬಹುದು, ಬಿಟ್ಟೂ ತಿಳಿಯಬಹುದು. ಬಿಲ್ಲಿನ ದಿನ ಆಗುವ ಚರ್ಚೆ ಅಲ್ಲಿಂದಲೇ ಶುರು. ಈ ವರ್ಷ ವರದಿ ಅಚ್ಚಿಗೆ ಕೊಡುವವರು ಆರ್ಡರಿನ ಚೀಟಿಯಲ್ಲಿ ಒಳಪುಟ ಎಷ್ಟು, ರಟ್ಟು ಸೇರಿ ಎಷ್ಟು ಎಂದು ಎರಡನ್ನೂ ಬರೆದು, ಜೊತೆಗೆ ಅಂಕೆ ಬರೆದ ಡಮ್ಮಿಯೊಂದನ್ನು ಕೊಟ್ಟು ಬನ್ನಿ.