ಮೀಟರು ಮಾಲೀಕರ ಹೆಸರಲ್ಲಿದೆ

ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆ ಫ್ಲಾಟು, ಮಾಲೀಕರ ವಾಸ ಹರಿಹರದಲ್ಲಿ. ಬಾಡಿಗೆಗಿರುವ ಗೃಹಿಣಿ ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರಬೇಕೆಂದಿದ್ದಾಳೆ ಎಂದುಕೊಳ್ಳಿ. ಫೋನು ಮಾಡಿದರೆ ಆ ಹಿರಿಯರು "ಆಗ್ಲಿ ಬಿಡಮ್ಮ, ಮಾಡ್ಕಳ್ರಿ" ಎಂದುಬಿಡಬಹುದು. ಆ ಮಾತಿನ ಆಯುಸ್ಸು ಎಷ್ಟು? ನಾಳೆ ಬಾಡಿಗೆ ವಸೂಲಿಗೆ ಮಗ ಬಂದರೆ, ಅಪ್ಪ ಏನು ಹೇಳಿದ್ದರೆಂಬುದು ಅವನಿಗೆ ಗೊತ್ತಿರುವುದಿಲ್ಲ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಮಾತ್ರ 'ವಾಸಕ್ಕಾಗಿ' ಎಂಬ ಸಾಲು ಕೂತಿರುತ್ತದೆ. ಮನೆಯನ್ನು ಯಾವ ಉದ್ದೇಶಕ್ಕೆ ಪಡೆದಿದ್ದೀರೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸಕೂಡದೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೂ ಹೇಳುತ್ತದೆ. ಆದ್ದರಿಂದ ಫೋನು ಮೊದಲು ಮಾಡಲಿ, ಬೆನ್ನಿಗೇ ಕಾಗದವೂ ಹೋಗಲಿ.

ಇಂಥ ಕಾಗದ ಬರೆಯುವವರು ಸಾಮಾನ್ಯವಾಗಿ ತಮ್ಮ ಕಷ್ಟಸುಖದಿಂದ ಶುರು ಮಾಡುತ್ತಾರೆ. ಸಂಸಾರಕ್ಕೆ ನಾಲ್ಕು ಕಾಸು ಆಗುತ್ತದೆ, ಚಿಕ್ಕಂದಿನಿಂದ ಆಸೆ ಇತ್ತು ಎಂದೆಲ್ಲ. ಮಾಲೀಕರ ತಲೆಯಲ್ಲಿರುವುದು ಬೇರೆ. ಆರ್‌ಆರ್ ನಂಬರು ಅವರ ಹೆಸರಲ್ಲಿದೆ, ಮನೆ ಕಂದಾಯವೂ ಅವರ ಹೆಸರಲ್ಲೇ ಇದೆ. ಗೃಹಬಳಕೆಯ ಸಂಪರ್ಕದಿಂದ ವ್ಯಾಪಾರ ನಡೆಯುತ್ತಿದೆ ಎಂದು ಬೆಸ್ಕಾಂ ಸಿಬ್ಬಂದಿ ಬರೆದುಕೊಂಡರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಡಿ ದುಪ್ಪಟ್ಟು ದರದಲ್ಲಿ ಲೆಕ್ಕ ಹಾಕಬಹುದು. ಅಂಥ ಬಿಲ್ಲು ಬಂದಾಗ ಹರಿಹರದ ಮನೆಯಲ್ಲಿ ಫೋನು ರಿಂಗಾಗುತ್ತದೆ. ಅವರು ಬೇಡ ಎನ್ನುವುದು ಕೇಕಿನ ಮೇಲಿನ ಸಿಟ್ಟಿಗಲ್ಲ.

ಹಾಗಾಗಿ ಕಾಗದದಲ್ಲಿ ಮೊದಲು ಬರಬೇಕಾದ್ದು ವಿದ್ಯುತ್ತು. ಸಾಧಾರಣ ಓಟಿಜಿ ಓವನ್ನು 1500ರಿಂದ 2000 ವಾಟಿನದು. 230 ವೋಲ್ಟಿಗೆ 2000 ವಾಟ್ ಎಂದರೆ ಹತ್ತಿರಹತ್ತಿರ ಒಂಬತ್ತು ಆಂಪಿಯರ್. ಟಿವಿ, ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಒಂದೆರಡು ವಾರ ಏನೂ ಆಗದೆ ಇರಬಹುದು. ಆಮೇಲೆ ಪ್ಲಗ್ಗು ಮುಟ್ಟಿದರೆ ಬಿಸಿ, ಸಾಕೆಟ್ಟಿನ ತೂತುಗಳ ಸುತ್ತ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಅಷ್ಟಾದರೆ ಅಲ್ಲಿಗೇ ನಿಲ್ಲಿಸಬೇಕು. 16 ಆಂಪಿಯರ್ ಸಾಕೆಟ್ಟಿಗೆ ದಪ್ಪ ವೈರು, ಅರ್ಥಿಂಗು ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಗೆ ತೋರಿಸಿ, ಖರ್ಚು ತನ್ನದೇ ಎಂದು ಆಕೆ ಬರೆದುಕೊಡಲಿ. ಗೀಸರು, ಓವನ್ನು ಒಟ್ಟಿಗೆ ಹಾಕುವುದಿಲ್ಲ ಎಂಬುದನ್ನೂ ಸೇರಿಸಲಿ.

ಒಂದು ಕೆಜಿ ಕೇಕಿಗೆ ಓವನ್ನು ಕಾಯಿಸುವುದೂ ಸೇರಿ ಮುಕ್ಕಾಲು ಗಂಟೆಗೂ ಮೇಲೆ ಬೇಕು. ಹೆಚ್ಚುಕಡಿಮೆ ಒಂದು ಯೂನಿಟ್ ಎಂದಿಟ್ಟುಕೊಂಡರೆ, ದಿನಕ್ಕೆರಡು ಕೇಕಿಗೆ ತಿಂಗಳಿಗೆ ಅರವತ್ತು ಯೂನಿಟ್. ಇಷ್ಟೇ ತಾನೇ ಎನಿಸಬಹುದು. ಆದರೆ ಗೃಹಜ್ಯೋತಿ ಇರುವುದು ಮನೆಬಳಕೆಗೆ, ಮಾರಾಟದ ಕೇಕಿಗಲ್ಲ. ಇದನ್ನು ಮುಚ್ಚಿಡುವ ಬದಲು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅವರು ಹೇಳಿದ್ದನ್ನು ಕಾಗದದಲ್ಲಿ ಕಾಣಿಸುವುದೇ ಜಾಣತನ. ಗ್ಯಾಸಿನ ವಿಷಯವೂ ಅಷ್ಟೇ. ಅಡುಗೆಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಫ್ಲಾಟಿನೊಳಗೆ ವಾಣಿಜ್ಯ ಸಿಲಿಂಡರು ತಂದಿಡುತ್ತೇನೆಂದರೆ ಯಾವ ಮಾಲೀಕರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಕಾಗದದ ನಡುಭಾಗ ಹೀಗಿದ್ದರೆ ಸಾಕು:

"ಮಾನ್ಯರೇ, ತಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಒಂದು ವಿದ್ಯುತ್ ಓವನ್ ಇಟ್ಟು, ಮುಂಗಡ ಆರ್ಡರ್ ಬಂದ ಕೇಕುಗಳನ್ನು ಮಾತ್ರ ಮಾಡಿಕೊಡಲು ಅನುಮತಿ ಕೋರುತ್ತೇನೆ. ಬೋರ್ಡು ಹಾಕುವುದಿಲ್ಲ, ಕೆಲಸಗಾರರನ್ನು ಇಡುವುದಿಲ್ಲ, ರಾತ್ರಿ ಎಂಟರ ನಂತರ ಬೀಟರ್ ಓಡಿಸುವುದಿಲ್ಲ. ಕೇಕನ್ನು ನಾವೇ ಒಯ್ದು ಕೊಡುತ್ತೇವೆ. ಈ ಕೆಲಸದಿಂದ ವಿದ್ಯುತ್ ದರವಾಗಲಿ ಮನೆ ಕಂದಾಯವಾಗಲಿ ಹೆಚ್ಚಾದರೆ ವ್ಯತ್ಯಾಸವನ್ನು ನಾನೇ ಕಟ್ಟುತ್ತೇನೆ. ತೊಂದರೆ ಕಂಡರೆ ತಾವು ಒಂದು ತಿಂಗಳ ಮುಂಚೆ ತಿಳಿಸಿ ಅನುಮತಿ ಹಿಂಪಡೆಯಬಹುದು."

ಕೊನೆಯ ಸಾಲು ಬರೆಯಲು ಹಲವರು ಅಂಜುತ್ತಾರೆ. ನನಗನ್ನಿಸುವಂತೆ ಸಹಿ ಹಾಕಿಸುವುದೇ ಆ ಸಾಲು. ಒಮ್ಮೆ ಹೂಂ ಅಂದರೆ ಮನೆ ಅಂಗಡಿಯಾಗಿಬಿಡುತ್ತದೆ ಎಂಬ ದಿಗಿಲು ಅದರಿಂದ ತಗ್ಗುತ್ತದೆ. ಆದರೆ ಅನುಮತಿ ಹಿಂಪಡೆದರೆ ನಿಲ್ಲುವುದು ಬೇಕರಿ ಮಾತ್ರ, ವಾಸದ ಕರಾರು ಹಾಗೇ ಮುಂದುವರಿಯುತ್ತದೆ ಎಂದು ಪಕ್ಕದಲ್ಲೇ ಬರೆದಿರಬೇಕು. ಬಾಡಿಗೆ ಸ್ವಲ್ಪ ಏರಿಸಿ ಎಂದು ಅವರು ಕೇಳಬಹುದು. ಎಷ್ಟೆಂದು ಒಪ್ಪಿದ ಮೇಲೆ ಅದೂ ಕಾಗದದಲ್ಲಿರಲಿ.

ಮಾಲೀಕರ ಸಹಿ ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಮಾಡಿ ಮಾರುವವರಿಗೂ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಬೇಕು. ಸಣ್ಣ ತಯಾರಕರು FoSCoS ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯುವ 14 ಅಂಕಿಯ ಸಂಖ್ಯೆ ಕೇಕಿನ ಡಬ್ಬದ ಮೇಲೆ ಬರಬೇಕು. ಅಲ್ಲಿ ಜಾಗದ ಪುರಾವೆ ಕೇಳಿದಾಗ 'ವಾಸಕ್ಕೆ ಮಾತ್ರ' ಎಂದಿರುವ ಕರಾರು ಪತ್ರವೊಂದನ್ನೇ ಹಿಡಿದು ನಿಂತರೆ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಕಾಗದ ಎರಡು ಪ್ರತಿ ಇರಲಿ. ಎರಡಕ್ಕೂ ಇಬ್ಬರ ಸಹಿ, ದಿನಾಂಕ, ಫ್ಲಾಟಿನ ಸಂಖ್ಯೆ, ಆರ್‌ಆರ್ ನಂಬರು. ಹನ್ನೊಂದು ತಿಂಗಳು ಕಳೆದು ಕರಾರು ಹೊಸದಾಗುವಾಗ ಈ ಅನುಮತಿಯನ್ನೂ ಅದರೊಳಗೇ ಒಂದು ಷರತ್ತಾಗಿ ಬರೆಸಿಕೊಳ್ಳಬೇಕು.